ಅಳಿಸಿಹೋಯಿತೋ, ಅಳಿಸಿದೆವೋ?

ಲೋಟ ಕೈಜಾರಿದ ಮಗು ಅಮ್ಮನ ಮುಂದೆ ನಿಂತು ‘ಒಡೆದುಹೋಯ್ತು’ ಎನ್ನುತ್ತದೆ, ‘ಒಡೆದೆ’ ಎನ್ನುವುದಿಲ್ಲ. ಸುಳ್ಳು ಹೇಳದೆಯೇ ತನ್ನನ್ನು ವಾಕ್ಯದಿಂದ ಹೊರಗಿಡುವ ಈ ದಾರಿ ನಮ್ಮ ಭಾಷೆಯಲ್ಲಿ ಬಲು ಸಲೀಸು. ಸೇವೆ ನಿಂತುಹೋದಾಗ ಕಂಪನಿಗಳು ಗ್ರಾಹಕರಿಗೆ ಕಳಿಸುವ ಕ್ಷಮಾಪಣೆಯ ಪ್ರಕಟಣೆಗಳಲ್ಲೂ ಇದೇ ವ್ಯಾಕರಣ ಕೆಲಸ ಮಾಡುತ್ತದೆ: ‘ವ್ಯತ್ಯಯ ಉಂಟಾಗಿದೆ’, ‘ದತ್ತಾಂಶ ಅಳಿಸಿಹೋಗಿದೆ’. ಅದೇ ಹೊತ್ತಿನಲ್ಲಿ ಒಳಗಿನ ಎಂಜಿನಿಯರುಗಳ ಚಾಟ್‌ನಲ್ಲಿ ಬೇರೊಂದು ಭಾಷೆ ಓಡುತ್ತಿರುತ್ತದೆ. ಅಲ್ಲಿ ಗಾಬರಿಯಿದೆ, ಊಹೆಯಿದೆ, ಬೈಗುಳವಿದೆ, ತಪ್ಪೊಪ್ಪಿಗೆಯೂ ಇದೆ. ಆ ಚಾಟ್ ಓದಿ ಈ ಪ್ರಕಟಣೆ ಬರೆಯಬೇಕಾದವನು ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು?

ಇದರ ಬಗ್ಗೆ ಎರಡು ನಿಲುವುಗಳಿವೆ. ಚಾಟ್‌ನ ಗದ್ದಲ ಹೊರಗೆ ಹೋಗಬಾರದು, ಗ್ರಾಹಕನಿಗೆ ತಲುಪುವುದು ಸೋಸಿದ, ಶಾಂತವಾದ, ಖಚಿತವಾದ ಮಾತು ಮಾತ್ರ ಎನ್ನುವುದು ಒಂದು. ಸೋಸುವ ಹೆಸರಿನಲ್ಲಿ ಸತ್ಯವೇ ಸೋರಿಹೋಗುತ್ತದೆ, ಆದ್ದರಿಂದ ನಡೆಯುತ್ತಿರುವುದನ್ನು ನಡೆಯುತ್ತಿರುವಂತೆಯೇ ತೋರಿಸಿ ಎನ್ನುವುದು ಇನ್ನೊಂದು. ಎರಡಕ್ಕೂ ಗಟ್ಟಿಯಾದ ಸಾಕ್ಷಿಗಳಿವೆ.

ಸೋಸಬೇಕು ಎನ್ನುವವರ ದೊಡ್ಡ ಸಾಕ್ಷಿ 2025ರ ನವೆಂಬರ್ 18ರದು. ಅಂದು ಕ್ಲೌಡ್‌ಫ್ಲೇರ್ ಕುಸಿದು, ಅದನ್ನು ನೆಚ್ಚಿಕೊಂಡ ಜಗತ್ತಿನ ಅಸಂಖ್ಯ ಜಾಲತಾಣಗಳು ತೆರೆಯದಾದವು. ಒಳಗಿನ ತಂಡಕ್ಕೆ ಮೊದಲು ಬಂದ ಅನುಮಾನ ಭಾರೀ ದಾಳಿಯೊಂದು ನಡೆದಿದೆ ಎಂಬುದು. ಹಾಗೆ ತೋರಲು ಕಾರಣವೂ ಇತ್ತು. ಸೇವೆ ಒಮ್ಮೆ ಬೀಳುತ್ತಿತ್ತು, ಕೆಲವು ನಿಮಿಷಕ್ಕೆ ತಾನಾಗಿ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಒಳಗಿನ ದೋಷವೊಂದು ಹೀಗೆ ಕಣ್ಣಾಮುಚ್ಚಾಲೆ ಆಡುವುದು ಅಪರೂಪ. ಸಾಲದ್ದಕ್ಕೆ, ಹೊರಗೆ ಬೇರೆ ಕಡೆ ಇಟ್ಟಿದ್ದ ಅವರ ಸ್ಥಿತಿಗತಿಯ ಪುಟವೂ ಅದೇ ಹೊತ್ತಿಗೆ ಕಾಕತಾಳೀಯವಾಗಿ ಕೈಕೊಟ್ಟಿತು.

ನಿಜವಾದ ಕಾರಣ ಮನೆಯೊಳಗೇ ಇತ್ತು. ದತ್ತಾಂಶ ಸಂಗ್ರಹವೊಂದರ ಅನುಮತಿಗಳನ್ನು ಬದಲಾಯಿಸಿದಾಗ ಒಂದು ಪ್ರಶ್ನೆಗೆ ಒಂದೇ ಉತ್ತರ ಎರಡೆರಡು ಸಲ ಬರತೊಡಗಿತು. ಆ ಉತ್ತರದಿಂದ ತಯಾರಾಗುತ್ತಿದ್ದ ಕಡತ ಇಮ್ಮಡಿಯಾಗಿ, ಅದನ್ನು ಓದುವ ತಂತ್ರಾಂಶಕ್ಕಿದ್ದ ಮಿತಿಯನ್ನು ದಾಟಿತು. ಐದೈದು ನಿಮಿಷಕ್ಕೊಮ್ಮೆ ಹೊಸ ಕಡತ ತಯಾರಾಗುತ್ತಿತ್ತು. ಬದಲಾವಣೆ ತಲುಪಿದ ಭಾಗದಲ್ಲಿ ತಯಾರಾದರೆ ಕೆಟ್ಟದ್ದು, ತಲುಪದ ಭಾಗದಲ್ಲಾದರೆ ಒಳ್ಳೆಯದು. ಬಿದ್ದು ಎದ್ದು ಮಾಡಿದ್ದರ ಗುಟ್ಟು ಇಷ್ಟೇ. ಅಂದು ಕಂಪನಿಯ ಪ್ರತಿನಿಧಿ ಪತ್ರಿಕೆಗಳಿಗೆ, ಅಸಹಜವಾದ ಟ್ರಾಫಿಕ್ ಏರಿಕೆ ಕಂಡಿದೆ, ಕಾರಣ ಇನ್ನೂ ತಿಳಿದಿಲ್ಲ ಎಂದಿದ್ದರು. ಓದಿದವರಿಗೆ ದಾಳಿಯ ವಾಸನೆ ಬರಲು ಅಷ್ಟೇ ಸಾಕು. ಚಾಟ್‌ನ ಅನುಮಾನವನ್ನೇ ಪ್ರಕಟಣೆಗೆ ಇಳಿಸಿದ್ದರೆ ಸಾವಿರಾರು ಕಂಪನಿಗಳ ಭದ್ರತಾ ತಂಡಗಳು ಇಲ್ಲದ ಶತ್ರುವಿನ ಹಿಂದೆ ಬೀಳುತ್ತಿದ್ದವು.

ಗಾಬರಿಯ ಚಾಟ್ ಒಂದು ಕೆಲಸದ ಸಲಕರಣೆ. ಅಲ್ಲಿ ಎಸೆಯುವ ಊಹೆ ತಪ್ಪಾದರೆ ಮುಂದಿನ ನಿಮಿಷದಲ್ಲಿ ಪಕ್ಕದವನೇ ತಳ್ಳಿಹಾಕುತ್ತಾನೆ. ಹೊರಗೆ ಹೋದ ಊಹೆಯನ್ನು ಹಾಗೆ ವಾಪಸು ಕರೆಯಲಾಗದು. ಮೊದಲ ಪ್ರಕಟಣೆ ಓದಿದವರೆಲ್ಲ ತಿದ್ದುಪಡಿಯನ್ನೂ ಓದುತ್ತಾರೆಂಬ ಭರವಸೆಯಿಲ್ಲ. ಸೋಸುವವರ ಈ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಎದುರು ಪಕ್ಷದ ಸಾಕ್ಷಿ 2017ರ ಫೆಬ್ರುವರಿ 28ರದು. ಅಮೆಜಾನ್‌ನ ಎಸ್3 ಎಂಬ ಸಂಗ್ರಹ ಸೇವೆಯ ಬಿಲ್ಲಿಂಗ್ ವ್ಯವಸ್ಥೆ ನಿಧಾನವಾಗಿತ್ತು. ಅದನ್ನು ಸರಿಪಡಿಸಲು ಕೆಲವೇ ಸರ್ವರ್‌ಗಳನ್ನು ತೆಗೆಯಬೇಕಿದ್ದ ಆದೇಶವನ್ನು ತಪ್ಪಾಗಿ ಟೈಪಿಸಿದ್ದರಿಂದ, ತೆಗೆಯಬೇಕಾದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೋದವು. ಅಮೆರಿಕದ ವರ್ಜೀನಿಯಾ ವಲಯದಲ್ಲಿ ಎರಡು ಮುಖ್ಯ ಉಪವ್ಯವಸ್ಥೆಗಳನ್ನು ಬುಡದಿಂದ ಮತ್ತೆ ಏಳಿಸಬೇಕಾಯಿತು. ಅವು ಏಳುವತನಕ ಕೋರಿಕೆಗಳಿಗೆ ಉತ್ತರ ಕೊಡಲು ಸೇವೆಗೆ ಆಗಲೇ ಇಲ್ಲ ಎಂದು ಕಂಪನಿಯೇ ಆಮೇಲೆ ಬರೆಯಿತು. ಆದರೆ ಆ ಹೊತ್ತಿನಲ್ಲಿ ಗ್ರಾಹಕರು ಓದಿದ್ದು ದೋಷದ ಪ್ರಮಾಣ ಹೆಚ್ಚಿದೆ ಎಂಬಂಥ ಮಾತನ್ನು. ಸ್ಥಿತಿಗತಿಯ ಫಲಕವನ್ನು ಬದಲಾಯಿಸುವ ಸಾಧನವೂ ಅದೇ ಸೇವೆಯ ಮೇಲೆ ನಿಂತಿದ್ದರಿಂದ ಸುಮಾರು ಎರಡು ಗಂಟೆ ಅದನ್ನು ತಿದ್ದಲಾಗಲಿಲ್ಲ. ಎಲ್ಲ ಸರಿಯಿದೆ ಎಂಬ ಹಸಿರು ಗುರುತುಗಳು ಹಾಗೇ ಉಳಿದವು.

‘ದೋಷದ ಪ್ರಮಾಣ ಹೆಚ್ಚಿದೆ’ ಎಂಬುದು ಸುಳ್ಳಲ್ಲ. ನೂರಕ್ಕೆ ನೂರು ಕೋರಿಕೆಗಳು ವಿಫಲವಾದರೂ ಪ್ರಮಾಣ ಹೆಚ್ಚಿದೆ ಎನ್ನಬಹುದು. ತೊಂದರೆ ಇರುವುದು ಓದುವವನ ತೀರ್ಮಾನದಲ್ಲಿ. ಹೆಚ್ಚಿದೆ ಎಂದರೆ ಆತ ಇನ್ನೊಮ್ಮೆ ಪ್ರಯತ್ನಿಸುತ್ತಾನೆ, ಸ್ವಲ್ಪ ಕಾಯುತ್ತಾನೆ. ನಿಂತಿದೆ ಎಂದರೆ ತನ್ನ ಸೇವೆಯನ್ನು ಬೇರೆ ಕಡೆ ಸಾಗಿಸುವ ಯೋಚನೆ ಮಾಡುತ್ತಾನೆ, ತನ್ನ ಗ್ರಾಹಕರಿಗೂ ತಿಳಿಸುತ್ತಾನೆ. ಒಂದು ಮೆದುವಾದ ಪದ ಆತನಿಂದ ಕಸಿದದ್ದು ಈ ತೀರ್ಮಾನದ ಸಮಯವನ್ನು. ಎದುರು ಪಕ್ಷದವರ ಸಿಟ್ಟಿಗೆ ಇದು ಮೂಲ, ಆ ಸಿಟ್ಟು ನ್ಯಾಯವಾದದ್ದು.

ಎರಡೂ ಪಕ್ಷಗಳು ತಮ್ಮದೇ ಎಂದು ಹೇಳಿಕೊಳ್ಳಬಹುದಾದ ಘಟನೆಯೂ ಒಂದಿದೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಹಿಂದುಳಿದಿದ್ದ ಎರಡನೆಯ ಡೇಟಾಬೇಸ್ ಸರ್ವರ್ ಅನ್ನು ಸರಿಪಡಿಸಲು ಹೊರಟಿದ್ದರು. ಅದರ ದತ್ತಾಂಶದ ಕೋಶವನ್ನು ಅಳಿಸಿ ಹೊಸದಾಗಿ ನಕಲು ತೆಗೆಯಬೇಕಿತ್ತು. ಆದೇಶ ಓಡಿದ್ದು ಮುಖ್ಯ ಸರ್ವರ್ ಮೇಲೆ. ಒಂದೆರಡು ಸೆಕೆಂಡಿನಲ್ಲಿ ಗಮನಿಸಿ ತಡೆದರೂ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ. ಬ್ಯಾಕಪ್ ಹುಡುಕಿದರೆ, ದಿನನಿತ್ಯ ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ಆ ವೈಫಲ್ಯ ತಿಳಿಸಬೇಕಿದ್ದ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಉಳಿಸಿದ್ದು, ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ.

ಆ ರಾತ್ರಿ ಗಿಟ್‌ಲ್ಯಾಬ್ ತನ್ನ ಒಳಗಿನ ಟಿಪ್ಪಣಿಗಳ ಕಡತವನ್ನೇ ಸಾರ್ವಜನಿಕರಿಗೆ ತೆರೆದಿಟ್ಟಿತು. ಸರಿಪಡಿಸುವ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ನಾವು ಆಕಸ್ಮಿಕವಾಗಿ ದತ್ತಾಂಶ ಅಳಿಸಿದ್ದೇವೆ ಎಂದು ನೇರವಾಗಿ ಹೇಳಿತು. ಬ್ಯಾಕಪ್ ವಿಧಾನಗಳು ಒಂದೊಂದೇ ಕೈಕೊಟ್ಟದ್ದನ್ನೂ ಮುಚ್ಚಿಡಲಿಲ್ಲ. ಸುಮಾರು 5,000 ಪ್ರಾಜೆಕ್ಟ್‌ಗಳ, 5,000 ಕಮೆಂಟ್‌ಗಳ ಮತ್ತು 700 ಹೊಸ ಖಾತೆಗಳ ದಾಖಲೆಗಳಿಗೆ ಧಕ್ಕೆಯಾಗಿದ್ದರೂ ಈ ನೇರತನವನ್ನು ಮೆಚ್ಚಿದವರು ಬಹಳ ಮಂದಿ. ತೆರೆದಿಡಿ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

ಆದರೆ ಆ ತೆರೆದ ಕಡತದಲ್ಲಿ ಆದೇಶ ಓಡಿಸಿದವರ ಗುರುತು ಎರಡಕ್ಷರದಲ್ಲಿ ಇತ್ತು. ಬದುಕಿನ ಅತಿ ಕೆಟ್ಟ ರಾತ್ರಿಯೊಂದರಲ್ಲಿ ಆ ವ್ಯಕ್ತಿ ಜಗತ್ತಿನ ಮುಂದೆ ನಿಂತಂತಾಯಿತು. ಕೆಲವು ದಿನಗಳ ನಂತರ ಬಂದ ವಿವರವಾದ ವರದಿಯಲ್ಲಿ ಅದೇ ವ್ಯಕ್ತಿ ‘ತಂಡದ ಸದಸ್ಯ 1’ ಎಂಬಂತೆ ಕಾಣಿಸಿಕೊಂಡರು. ಘಟನೆಯ ಯಾವ ವಿವರವನ್ನೂ ಬಿಡದೆ ಗುರುತನ್ನು ಮಾತ್ರ ಬಿಟ್ಟಿದ್ದರು. ಸೋಸುವ ಕೆಲಸ ಸತ್ಯಕ್ಕೆ ಪೆಟ್ಟು ಕೊಡದೆಯೂ ನಡೆಯಬಹುದು ಎಂಬುದಕ್ಕೆ ಅದೇ ಕಂಪನಿಯ ಎರಡು ಬರಹಗಳ ನಡುವಿನ ಈ ಅಂತರ ಸಾಕ್ಷಿ.

ಇನ್ನು ಕೈಯಲ್ಲಿ ಹಿಡಿದು ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೆಂಗಳೂರಿನಿಂದ ಊರುಗಳಿಗೆ ಹೋಗುವ ಬಸ್ಸುಗಳ ಟಿಕೆಟ್ ಮಾರುವ ಆ್ಯಪ್ ಒಂದಿದೆ ಎಂದುಕೊಳ್ಳಿ. ಶುಕ್ರವಾರ ರಾತ್ರಿ ಒಂಬತ್ತು ದಾಟಿದೆ, ಮೆಜೆಸ್ಟಿಕ್ಕಿನ ಕಡೆ ಹೊರಟವರು ಆಟೊದಲ್ಲೇ ಕೂತು ಟಿಕೆಟ್ ಮಾಡುತ್ತಿದ್ದಾರೆ. ಒಳಗಿನ ಚಾಟ್ ಹೀಗಿದೆ:

9:14 — ಮೇನ್ ಡಿಬಿ ಬಿದ್ದೋಯ್ತು!! ಒಂದು ಬುಕಿಂಗೂ ಆಗ್ತಿಲ್ಲ
9:16 — ಯಾರೋ ಅಟ್ಯಾಕ್ ಮಾಡ್ತಿದಾರಾ? ಟ್ರಾಫಿಕ್ ಮೂರು ಪಟ್ಟಿದೆ
9:17 — ಶುಕ್ರವಾರ ರಾತ್ರಿ ಗುರು, ಯಾವಾಗ್ಲೂ ಹಿಂಗೇ ಇರತ್ತೆ
9:21 — ಡಿಸ್ಕ್ ಫುಲ್. ಹಳೇ ರೆಪ್ಲಿಕೇಶನ್ ಸ್ಲಾಟ್ ಇನ್ನೂ ಲಾಗ್ ಹಿಡ್ಕೊಂಡು ಕೂತಿದೆ
9:22 — ಸೋಮವಾರ ಆ ರೆಪ್ಲಿಕಾ ತೆಗ್ದಿದ್ದು ನಾನೇ. ಸ್ಲಾಟ್ ತೆಗೆಯೋದು ಮರ್ತೆ. ಸಾರಿ ಸಾರಿ
9:23 — ಸಾರಿ ಆಮೇಲೆ ಮಗಾ. ಲಾಗ್ ಫೈಲ್ ಮಾತ್ರ ಕೈಯಾರೆ ಡಿಲೀಟ್ ಮಾಡ್ಬೇಡ!!!
9:31 — ದುಡ್ಡು ಹೋಯ್ತು ಟಿಕೆಟ್ ಬಂದಿಲ್ಲ ಅಂತ ಸಪೋರ್ಟ್‌ಗೆ ಕಾಲ್ ಮೇಲೆ ಕಾಲ್
9:38 — ಡಿಸ್ಕ್ ದೊಡ್ಡದು ಮಾಡ್ದೆ, ಡಿಬಿ ಏಳ್ತಿದೆ
9:52 — ಬುಕಿಂಗ್ ಆಗ್ತಿದೆ. ಸ್ಲಾಟ್ ತೆಗೆದಾಯ್ತು
10:05 — ಗೇಟ್‌ವೇ ಲಿಸ್ಟ್ ತಾಳೆ ನೋಡ್ದೆ. 412 ಪೇಮೆಂಟ್‌ಗೆ ಟಿಕೆಟ್ ಇಲ್ಲ. 37 ಜನ ಎರಡೆರಡು ಸಲ ಕಟ್ಟಿದಾರೆ

ನಡೆದದ್ದನ್ನು ಬಿಡಿಸಿ ಹೇಳಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಒಂದು ಲಾಗ್‌ನಲ್ಲಿ ಬರೆದಿಡುತ್ತದೆ. ನಕಲು ಸರ್ವರ್ ಒಂದಕ್ಕೆಂದು ಸ್ಲಾಟ್ ಮಾಡಿಟ್ಟರೆ, ಆ ಸರ್ವರ್ ಓದಿ ಮುಗಿಸುವವರೆಗೆ ಲಾಗ್ ಅನ್ನು ಬಿಸಾಡುವುದಿಲ್ಲ. ಸರ್ವರ್ ತೆಗೆದು ಸ್ಲಾಟ್ ತೆಗೆಯದಿದ್ದರೆ, ಬಾರದ ಅತಿಥಿಗೆ ಎಲೆ ಹಾಕಿಟ್ಟಂತೆ ಲಾಗ್ ಬೆಳೆಯುತ್ತಲೇ ಹೋಗುತ್ತದೆ. ಡಿಸ್ಕ್ ತುಂಬಿದ ಮೇಲೆ ಬರೆಯಲು ಜಾಗವಿಲ್ಲದೆ ಡೇಟಾಬೇಸ್ ತಾನೇ ನಿಲ್ಲುತ್ತದೆ. ಗಾಬರಿಯಲ್ಲಿ ಆ ಲಾಗ್ ಫೈಲ್‌ಗಳನ್ನು ಕೈಯಾರೆ ಅಳಿಸಿದರೆ ಡೇಟಾಬೇಸ್ ಮತ್ತೆ ಏಳದಂತೆ ಕೆಡಬಹುದು. 9:23ರ ಕೂಗು ಅದಕ್ಕೆ. ಡಿಸ್ಕ್‌ಗೆ ಜಾಗ ಕೊಟ್ಟು, ಡೇಟಾಬೇಸ್ ಎದ್ದ ಮೇಲೆ `pg_replication_slots` ಪಟ್ಟಿಯಲ್ಲಿ ನಿಷ್ಕ್ರಿಯವಾಗಿರುವ ಸ್ಲಾಟ್ ಹುಡುಕಿ ತೆಗೆಯುವುದೇ ಸರಿಯಾದ ದಾರಿ. ತಂಡ ಮಾಡಿದ್ದೂ ಅದನ್ನೇ.

ಈಗ ಸಾಮಾನ್ಯವಾಗಿ ಬರುವ ಪ್ರಕಟಣೆ ಓದಿ: ‘ತಾಂತ್ರಿಕ ಕಾರಣಗಳಿಂದ ಕೆಲವು ಗ್ರಾಹಕರಿಗೆ ಬುಕಿಂಗ್‌ನಲ್ಲಿ ಅಲ್ಪಕಾಲದ ವ್ಯತ್ಯಯ ಉಂಟಾಗಿರಬಹುದು. ನಿಮ್ಮ ಮಾಹಿತಿ ಸಂಪೂರ್ಣ ಸುರಕ್ಷಿತವಾಗಿದೆ. ಅನಾನುಕೂಲಕ್ಕೆ ವಿಷಾದಿಸುತ್ತೇವೆ.’

ಇದು ಶಾಂತವಾಗಿದೆ, ನಿಖರವಾಗಿಲ್ಲ. ಚಾಟ್ ಪಕ್ಕದಲ್ಲಿಟ್ಟು ಒಂದೊಂದೇ ಪದ ತಾಳೆ ನೋಡಿದರೆ ಗೊತ್ತಾಗುತ್ತದೆ. ‘ಕೆಲವು ಗ್ರಾಹಕರು’ ಎಂಬುದಕ್ಕೆ ಚಾಟ್‌ನಲ್ಲಿ ಆಧಾರವಿಲ್ಲ, ಅಲ್ಲಿರುವುದು ಒಂದು ಬುಕಿಂಗೂ ಆಗಲಿಲ್ಲ ಎಂದು. ‘ಉಂಟಾಗಿರಬಹುದು’ ಎಂಬ ಅನುಮಾನವೂ ಅಲ್ಲಿಲ್ಲ, ಆದದ್ದು ಖಚಿತ. ‘ಅಲ್ಪಕಾಲ’ ಎಂದರೆ 38 ನಿಮಿಷ, ರಾತ್ರಿ ಬಸ್ಸಿಗೆ ಓಡುತ್ತಿದ್ದವನಿಗೆ ಅದು ಅಲ್ಪವಲ್ಲ. ‘ಮಾಹಿತಿ ಸುರಕ್ಷಿತ’ ಎಂಬುದನ್ನು ಯಾರೂ ಪರೀಕ್ಷಿಸಿಯೇ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಹಣದ ಮಾತೇ ಇಲ್ಲ. ಗ್ರಾಹಕನ ರಾತ್ರಿಯನ್ನು ಕೆಡಿಸಿದ ಒಂದೇ ಒಂದು ಸಂಗತಿಯನ್ನು ಸೋಸುವವನು ಗದ್ದಲದೊಂದಿಗೆ ಎಸೆದಿದ್ದಾನೆ.

ಹಾಗೆಂದು ಚಾಟ್ ಅನ್ನೇ ಅಂಟಿಸಿದರೆ? ದಾಳಿ ಎಂಬ ತಪ್ಪು ಊಹೆ ಹೊರಗೆ ಹೋಗುತ್ತದೆ. ಮರೆತವನ ತಪ್ಪೊಪ್ಪಿಗೆ ಬೀದಿಗೆ ಬರುತ್ತದೆ, ಮುಂದಿನ ಸಲ ಆತ ‘ನಾನೇ’ ಎಂದು ಒಂದೇ ನಿಮಿಷದಲ್ಲಿ ಒಪ್ಪಿಕೊಳ್ಳುವುದಿಲ್ಲ. 9:22ರ ಆ ಸಾಲಿನಿಂದಲೇ ಸೋಮವಾರದ ಕೆಲಸಕ್ಕೂ ಶುಕ್ರವಾರದ ಕುಸಿತಕ್ಕೂ ನಂಟು ಸಿಕ್ಕಿದ್ದು. ಅಂಥ ಮಾತಿಗೆ ಜಾಗವಿರಬೇಕಾದರೆ ಚಾಟ್ ಒಳಗೇ ಉಳಿಯಬೇಕು. ಇನ್ನು 412 ಎಂಬ ಸಂಖ್ಯೆ ಕೂಡ ಹಾಗೇ ಹೋದರೆ ದಾರಿ ತಪ್ಪಿಸುತ್ತದೆ. ಅದು ಪಾವತಿಗಳ ಎಣಿಕೆ, ಜನರದ್ದಲ್ಲ. 37 ಜನ ಎರಡೆರಡು ಸಲ ಕಟ್ಟಿದ್ದರಿಂದ ಜನರ ಸಂಖ್ಯೆ 375. ಸಂಖ್ಯೆಯ ಪಕ್ಕದಲ್ಲಿ ಏನನ್ನು ಎಣಿಸಿದ್ದೇವೆ ಎಂದು ಬರೆಯುವುದು ಸೋಸುವವನ ಕೆಲಸ, ಚಾಟ್ ಅದನ್ನು ಮಾಡುವುದಿಲ್ಲ.

ಎರಡೂ ಪಕ್ಷಗಳ ಮಾತು ಉಳಿಸಿಕೊಂಡು ಬರೆದರೆ ಇದು ಒಂದಲ್ಲ, ಎರಡು ಪ್ರಕಟಣೆಯಾಗುತ್ತದೆ. 9:20ಕ್ಕೆ ಹೋಗಬೇಕಾದದ್ದು ಚಿಕ್ಕದು: ‘9:14ರಿಂದ ನಮ್ಮ ಆ್ಯಪ್‌ನಲ್ಲಿ ಟಿಕೆಟ್ ಮಾಡಲು ಆಗುತ್ತಿಲ್ಲ. ಕಾರಣ ಹುಡುಕುತ್ತಿದ್ದೇವೆ. ಹಣ ಕಡಿತವಾಗಿ ಟಿಕೆಟ್ ಬರದಿದ್ದರೆ ದಯವಿಟ್ಟು ಮತ್ತೆ ಪಾವತಿಸಬೇಡಿ. ಮುಂದಿನ ಮಾಹಿತಿ 10:15ಕ್ಕೆ.’ ಇದರಲ್ಲಿ ಕಾರಣವಿಲ್ಲ, ಏಕೆಂದರೆ ಗೊತ್ತಿಲ್ಲ. ಮತ್ತೆ ಪಾವತಿಸಬೇಡಿ ಎಂಬುದನ್ನು ಹೇಳಲು ದೂರುಗಳು ಬರುವವರೆಗೆ ಕಾಯಬೇಕಿಲ್ಲ. ಹಣ ಪಡೆಯುವುದು ಒಂದು ಕಡೆ, ಟಿಕೆಟ್ ಬರೆಯುವುದು ಇನ್ನೊಂದು ಕಡೆ ಇರುವಲ್ಲಿ ಎರಡನೆಯದು ನಿಂತರೆ ಹೀಗಾಗುತ್ತದೆಂದು ತಂಡಕ್ಕೆ ಗೊತ್ತೇ ಇರುತ್ತದೆ. ಈ ಒಂದು ಸಾಲು ಹೊತ್ತಿಗೆ ಹೋಗಿದ್ದರೆ 37 ಜನರಲ್ಲಿ ಕೆಲವರಾದರೂ ಎರಡನೆಯ ಸಲ ಕಟ್ಟುತ್ತಿರಲಿಲ್ಲ. ಪದ ಪದವನ್ನೂ ನಾಲ್ಕು ಜನರ ಒಪ್ಪಿಗೆಗೆ ಕಳಿಸಿ ತಡಮಾಡುವ ಕ್ರಮದ ನಿಜವಾದ ಬೆಲೆ ಇದು.

ಎರಡನೆಯದು 10:15ಕ್ಕೆ:

‘ಶುಕ್ರವಾರ ರಾತ್ರಿ 9:14ರಿಂದ 9:52ರವರೆಗೆ, 38 ನಿಮಿಷ, ನಮ್ಮಲ್ಲಿ ಯಾರಿಗೂ ಟಿಕೆಟ್ ಮಾಡಲು ಆಗಲಿಲ್ಲ. ಈ ಹೊತ್ತಿನಲ್ಲಿ 375 ಜನರಿಂದ ಹಣ ಪಡೆದೆವು, ಟಿಕೆಟ್ ಕೊಡಲಿಲ್ಲ. ಅವರಲ್ಲಿ 37 ಜನರಿಂದ ಎರಡು ಸಲ ಪಡೆದಿದ್ದೇವೆ. ಅಷ್ಟೂ ಹಣವನ್ನು ಮರಳಿಸುತ್ತೇವೆ, ನೀವು ಕೇಳಿಕೊಳ್ಳಬೇಕಿಲ್ಲ. ಖಾತೆಗೆ ಸೇರುವ ದಿನ ನಿಮ್ಮ ಬ್ಯಾಂಕಿನ ಮೇಲೆ ನಿಂತಿದೆ. ಇಂದೇ ಪ್ರಯಾಣವಿದ್ದರೆ ಹೊಸದಾಗಿ ಟಿಕೆಟ್ ಮಾಡಿ. ನಮ್ಮ ಡೇಟಾಬೇಸ್ ಸರ್ವರ್‌ನ ಡಿಸ್ಕ್ ತುಂಬಿ ಅದು ನಿಂತಿತು. ತುಂಬುತ್ತಿರುವುದನ್ನು ನಾವು ಗಮನಿಸಬೇಕಿತ್ತು, ಗಮನಿಸಲಿಲ್ಲ. ನಿಮ್ಮ ಪ್ರಯಾಣಕ್ಕೆ ತೊಂದರೆ ಕೊಟ್ಟಿದ್ದೇವೆ. ಕ್ಷಮಿಸಿ.’

ಇದರಲ್ಲಿ ‘ನಾವು’ ಎಂಬ ಪದ ಮಾಡುತ್ತಿರುವ ಕೆಲಸ ಗಮನಿಸಿ. ಮರೆತ ಹುಡುಗನ ಹೆಸರು ಇಲ್ಲ, ಆದರೂ ವಾಕ್ಯಕ್ಕೆ ಕರ್ತೃವಿದ್ದಾನೆ. ಇದು ವ್ಯಕ್ತಿಯನ್ನು ಉಳಿಸಲು ಹೂಡಿದ ಉಪಾಯವೂ ಅಲ್ಲ, ಇರುವ ಸಂಗತಿಯೇ ಹಾಗೆ. ಒಬ್ಬ ಸ್ಲಾಟ್ ಮರೆತದ್ದು ನಿಜ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಡಿಸ್ಕ್ ತುಂಬುತ್ತಿದ್ದಾಗ ಎಚ್ಚರಿಸುವ ಗಂಟೆ ಕಟ್ಟದೇ ಇದ್ದವರು ಎಲ್ಲರೂ. ‘ಅಳಿಸಿಹೋಯಿತು’ ಎಂಬುದರಿಂದ ‘ಅಳಿಸಿದೆವು’ ಎಂಬುದಕ್ಕೆ ಬಂದರೆ ಸಾಕು, ‘ಇವನು ಅಳಿಸಿದ’ ಎಂಬಲ್ಲಿಗೆ ಹೋಗಬೇಕಿಲ್ಲ.

ಇಷ್ಟಾದರೂ ಜಗಳ ಪೂರ್ತಿ ಮುಗಿಯುವುದಿಲ್ಲ. ಗಮನಿಸಬೇಕಿತ್ತು, ಗಮನಿಸಲಿಲ್ಲ ಎಂಬ ಸಾಲನ್ನು ವಕೀಲರು ಹೊಡೆದುಹಾಕಬಹುದು. ತಪ್ಪನ್ನು ಬರವಣಿಗೆಯಲ್ಲಿ ಒಪ್ಪಿದರೆ ನಾಳೆ ಅದನ್ನೇ ತೋರಿಸಿ ಪರಿಹಾರ ಕೇಳಬಹುದೆಂಬ ಅವರ ಆತಂಕ ಹುಸಿಯಲ್ಲ. ಸಣ್ಣ ಕಂಪನಿಗೆ ಅದು ಅಳಿವು ಉಳಿವಿನ ಪ್ರಶ್ನೆಯೂ ಆಗಬಹುದು. ಆ ಸಾಲನ್ನು ಮೊದಲ ರಾತ್ರಿ ಬಿಟ್ಟು, ತನಿಖೆ ಮುಗಿದ ಮೇಲಿನ ವಿವರವಾದ ವರದಿಯಲ್ಲಿ ಹಾಕುವುದಾದರೆ ನಾನು ತಕರಾರು ಮಾಡುವುದಿಲ್ಲ. 375, 37, 38 ನಿಮಿಷ ಎಂಬ ಸಂಗತಿಗಳನ್ನು ಹೊಡೆದರೆ ಮಾತ್ರ ಒಪ್ಪಲಾರೆ. ತಪ್ಪು ಯಾರದೆಂಬ ತೀರ್ಪು ಕಾಯಬಹುದು, ಗ್ರಾಹಕನಿಗೆ ಏನಾಯಿತು ಎಂಬುದು ಕಾಯಬಾರದು.

ಊಹೆಗಳನ್ನು ಹೊರಗೆ ಬಿಡಬಾರದು ಎಂಬ ನಿಯಮಕ್ಕೂ ಒಂದು ಅಪವಾದ ಬೇಕು. ಅದೇ ಚಾಟ್‌ನಲ್ಲಿ 9:16ರ ಊಹೆ ‘ಯಾರೋ ಒಳಗೆ ನುಗ್ಗಿ ಕಾರ್ಡ್ ವಿವರ ಕದಿಯುತ್ತಿರಬಹುದು’ ಎಂದಿದ್ದರೆ, ಅದಕ್ಕೆ ಒಂದಿಷ್ಟು ಕುರುಹೂ ಸಿಕ್ಕಿದ್ದರೆ, ಖಚಿತವಾಗಲಿ ಎಂದು ಎರಡು ದಿನ ಕಾಯುವುದು ಸೋಸುವಿಕೆಯಲ್ಲ. ಆ ಎರಡು ದಿನದಲ್ಲಿ ಗ್ರಾಹಕ ತನ್ನ ಕಾರ್ಡ್ ಅನ್ನು ನಿಲ್ಲಿಸಬಹುದಿತ್ತು. ದಾಳಿಯಿಂದ ಸರ್ವರ್ ಬಿತ್ತೋ, ಡಿಸ್ಕ್ ತುಂಬಿ ಬಿತ್ತೋ ಎಂಬ ಊಹೆ ಗ್ರಾಹಕ ಮಾಡಬೇಕಾದ್ದನ್ನು ಬದಲಾಯಿಸುವುದಿಲ್ಲ, ಅದು ಒಳಗಿರಲಿ. ಗ್ರಾಹಕ ಈಗಲೇ ಏನಾದರೂ ಮಾಡಿ ತನ್ನನ್ನು ಉಳಿಸಿಕೊಳ್ಳಬಹುದಾದ ಊಹೆಯನ್ನು, ಇದು ಊಹೆಯೆಂದು ತಿಳಿಸಿಯೇ ಹೇಳಬೇಕು.

ಕ್ಲೌಡ್‌ಫ್ಲೇರ್ ತಾನು ಕುಸಿದ ದಿನವೇ ಪ್ರಕಟಿಸಿದ ವರದಿಯಲ್ಲಿ ದಾಳಿಯ ಅನುಮಾನವನ್ನು ಮುಚ್ಚಿಡಲಿಲ್ಲ. ಒಳಗಿನ ಚಾಟ್‌ನ ಚಿತ್ರವನ್ನೇ ಹಾಕಿ, ಮೊದಲು ಹೀಗೆಂದುಕೊಂಡೆವು, ಅದು ತಪ್ಪಾಗಿತ್ತು ಎಂದು ಬರೆಯಿತು. ಮಧ್ಯಾಹ್ನ ಹೇಳಿದ್ದರೆ ಜನರನ್ನು ಬೆದರಿಸುತ್ತಿದ್ದ ಅದೇ ಸಾಲುಗಳು ರಾತ್ರಿಯ ಹೊತ್ತಿಗೆ, ಸರಿಯಾದ ಕಾರಣ ಹುಡುಕಲು ಏಕೆ ತಡವಾಯಿತು ಎಂಬುದನ್ನು ವಿವರಿಸುವ ಸಾಕ್ಷಿಯಾಗಿದ್ದವು.